ಕರಿಬೇವಿನ ಮೇಲಿನ ಹಿಕ್ಕೆಗೆ ಕಾಲಿದೆ
ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಂದು-ಬಿಳಿಯಾಗಿ ಹೊಳೆಯುವ ಹುಳುವಿನ ಫೋಟೊ ಕಂಡರೆ ಔಷಧಿ ಡಬ್ಬಿಗೆ ಕೈಹಾಕಬೇಡಿ. ಅದು ಬಹುಪಾಲು ನಿಂಬೆ ಚಿಟ್ಟೆಯದೋ ಕಾಮನ್ ಮಾರ್ಮನ್ ಚಿಟ್ಟೆಯದೋ ಮರಿ. ನಾಲ್ಕು ಸಲ ಪೊರೆ ಕಳಚಿದ ಮೇಲೆ ಅದೇ ಹುಳು ಹಸಿರಾಗಿ, ಎದೆಭಾಗ ಉಬ್ಬಿ, ಅಲ್ಲಿ ಕಣ್ಣಿನಂಥ ಗುರುತು ಮೂಡುತ್ತದೆ. ಎರಡೂ ಫೋಟೊ ನೋಡಿದವರು ಬೇರೆ ಬೇರೆ ಹುಳು ಎಂದುಕೊಂಡರೆ ತಪ್ಪೇನಿಲ್ಲ. ಅನುಮಾನವಿದ್ದರೆ ಕಡ್ಡಿಯಿಂದ ಮೆಲ್ಲಗೆ ತಾಗಿಸಿ, ಪಕ್ಕದಿಂದ ಫೋಟೊ ತೆಗೆಯಿರಿ. ತಲೆಯ ಹಿಂದಿನಿಂದ ಕೆಂಪು ಇಲ್ಲವೆ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಬಂದು ಘಾಟು ಹೊಡೆದರೆ ಖಾತ್ರಿ. ನಿಂಬೆ ಎಲೆಯೊಳಗೆ ಅಂಕುಡೊಂಕಾದ ಬೆಳ್ಳಿಗೆರೆ ಕಂಡರೆ ಅದು ರಂಗೋಲಿ ಹುಳುವಿನ ಕೆಲಸ. ಚಿಟ್ಟೆಮರಿ ಬಯಲಲ್ಲೇ ಕೂತು ಅಂಚಿನಿಂದ ಎಲೆ ತಿನ್ನುತ್ತದೆ. ಬೆಳೆದ ಗಿಡಕ್ಕೆ ಇದರಿಂದ ನಷ್ಟವಿಲ್ಲ. ಎಳೆ ಸಸಿಯನ್ನು ಮಾತ್ರ ನಾಲ್ಕೈದು ಹುಳು ಬೋಳು ಮಾಡಬಲ್ಲವು. ಅಂಥಲ್ಲಿ ಎಲೆ ಸಮೇತ ದೊಡ್ಡ ಗಿಡಕ್ಕೆ ಸಾಗಿಸಿ.