ಹಾಜರಿಲ್ಲದ ಸದಸ್ಯರು, ನಡೆಯದ ಸಭೆ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಸಾಕು. ತೊಡಕು ಆಮೇಲಿನದು.

ಬಡಾವಣೆಯೊಂದರ ಭಜನಾ ಮಂಡಳಿಗೆ 90 ಸದಸ್ಯರಿದ್ದಾರೆ ಎನ್ನೋಣ. ಬೈಲಾದಂತೆ ಮಹಾಸಭೆಯ ಕೋರಂ ಮೂರನೇ ಒಂದು ಭಾಗ, ಅಂದರೆ 30. ಆದರೆ 40 ಮಂದಿ ಚಂದಾ ಕಟ್ಟುವುದನ್ನೂ ಬರುವುದನ್ನೂ ಬಿಟ್ಟಿದ್ದಾರೆ. ಉಳಿದ 50ರಲ್ಲಿ ಬರುವವರು 25. ಸಭೆ ಪ್ರತಿಸಲ ಮುಂದಕ್ಕೆ! ಆ 40 ಹೆಸರು ಪಟ್ಟಿಯಿಂದ ಹೋದರೆ 17 ಜನರಿಗೇ ಕೋರಂ ಆಗುತ್ತದೆ.

ಹಾಗೆಂದು ‘ನಿಷ್ಕ್ರಿಯ ಸದಸ್ಯರನ್ನು ಸಮಿತಿ ತೆಗೆಯಬಹುದು’ ಎಂದಷ್ಟೇ ಬರೆದರೆ, ಚುನಾವಣೆಗೆ ಮುನ್ನ ಎದುರಾಳಿಗಳ ಹೆಸರೇ ಮಾಯವಾದೀತು. ಕಲಮು ಅಳೆಯುವಂತಿರಬೇಕು: ‘ಒಂದು ವರ್ಷದ ಚಂದಾ ಬಾಕಿಯಿದ್ದು, ಸತತ ಎರಡು ಮಹಾಸಭೆಗೆ ಕಾರಣ ತಿಳಿಸದೆ ಗೈರಾದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್, ಉತ್ತರಿಸಲು 21 ದಿನ, ನಂತರ ಸಮಿತಿಯ ನಿರ್ಣಯ, ಮಹಾಸಭೆಗೆ ಮೇಲ್ಮನವಿ.’

ಕಾಯಿಲೆ ಬಿದ್ದ ಹಿರಿಯರಿಗೆ ವಿನಾಯಿತಿ ಬರೆದಿಡುವುದು ಒಳಿತು.

ಸದಸ್ಯತ್ವಕ್ಕೂ ಇದೇ ಸ್ಪಷ್ಟತೆ ಬೇಕು: ಅರ್ಜಿ, ವಯಸ್ಸು, ಚಂದಾ, ಒಪ್ಪುವವರು ಯಾರು. ಪದಾಧಿಕಾರಿಗಳ ಆಯ್ಕೆಯಲ್ಲಿ ಮತದಾರರ ಪಟ್ಟಿಯನ್ನು 30 ದಿನ ಮೊದಲೇ ಅಂತಿಮಗೊಳಿಸಿ, ಸ್ಪರ್ಧಿಸದವರೊಬ್ಬರನ್ನು ಚುನಾವಣಾಧಿಕಾರಿ ಮಾಡಬೇಕು. ಪಟ್ಟಿ ಪ್ರಕಟವಾದ ಮೇಲೆ ಯಾರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ.