ಹಿಂಪಡೆದ ಪೇಪರ್ ನಿಮ್ಮ ರೆಫರೆನ್ಸ್ ಪಟ್ಟಿಯಲ್ಲಿದ್ದರೆ

2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯ ನಡುವೆ, ಪಕ್ಕದ ಗೋವಾ ಸರ್ಕಾರ ಹದಿನೆಂಟು ತುಂಬಿದ ಎಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ ಕೊಡುವುದಾಗಿ ಘೋಷಿಸಿತು. ಹೊಟ್ಟೆಹುಳಕ್ಕೂ ಕಜ್ಜಿಗೂ ಕೊಡುತ್ತಿದ್ದ ಮಾತ್ರೆ ಅದು. ಅದರ ಮೇಲೆ ಅಷ್ಟೊಂದು ಭರವಸೆ ಮೂಡಲು ಇದ್ದ ಕಾರಣಗಳಲ್ಲಿ ಈಜಿಪ್ಟಿನ ಬೆನ್ಹಾ ವಿಶ್ವವಿದ್ಯಾಲಯದ ವೈದ್ಯರ ಒಂದು ಅಧ್ಯಯನವೂ ಒಂದು. ಯಾವ ಜರ್ನಲ್ಲಿನ ಪರಿಶೀಲನೆಗೂ ಒಳಗಾಗದೆ ಅದು ಪ್ರಿಪ್ರಿಂಟ್ ಆಗಿ 2020ರ ನವೆಂಬರಿನಲ್ಲಿ ಹೊರಬಂದಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಸುಮಾರು 90% ಕಡಿಮೆ ಎಂದು ಅದು ಹೇಳಿತ್ತು.

ಲಂಡನ್ನಿನ ಜ್ಯಾಕ್ ಲಾರೆನ್ಸ್ ಎಂಬ ವೈದ್ಯ ವಿದ್ಯಾರ್ಥಿ ಕ್ಲಾಸಿನ ಅಸೈನ್‌ಮೆಂಟಿಗೆಂದು ಆ ಪ್ರಿಪ್ರಿಂಟ್ ಓದಲು ಕೂತ. ಪೀಠಿಕೆಯ ಬಹುಪಾಲು ಬೇರೆ ಕಡೆಯಿಂದ ಎತ್ತಿದ್ದು ಅನ್ನಿಸಿತು. ಕದ್ದದ್ದು ಗೊತ್ತಾಗದಿರಲೆಂದು ಪದ ಬದಲಿಸುವ ಭರದಲ್ಲಿ, ಸಾರ್ಸ್ ರೋಗದ ಪೂರ್ತಿ ಹೆಸರನ್ನೇ ಯಾರೋ ಬೇರೆ ಇಂಗ್ಲಿಷ್ ಪದಗಳಿಗೆ ತಿರುಗಿಸಿಬಿಟ್ಟಿದ್ದರು. ರೋಗಿಗಳ ಮೂಲ ಅಂಕಿ-ಅಂಶದ ಫೈಲಿಗೆ ಪಾಸ್‌ವರ್ಡ್ ಇತ್ತು. ಅವನು 1234 ಎಂದು ಒತ್ತಿದ, ತೆರೆದುಕೊಂಡಿತು. ಅಧ್ಯಯನ ಶುರುವಾಗುವ ಮುಂಚೆಯೇ ಸತ್ತವರ ಹೆಸರಿಗೂ ಅದರಲ್ಲಿ ದಾಖಲೆಯಿತ್ತು. ಅದೇ ಫೈಲನ್ನು ನೋಡಿದ ಸ್ವೀಡನ್ನಿನ ಸಂಶೋಧಕ ನಿಕ್ ಬ್ರೌನ್ ಅವರಿಗೆ ಒಬ್ಬ ರೋಗಿಯ ಸಾಲನ್ನು ಇನ್ನೊಬ್ಬನ ಹೆಸರಿಗೆ ನಕಲು ಮಾಡಿದಂತಿರುವ ದಾಖಲೆಗಳು ಹತ್ತಾರು ಸಿಕ್ಕವು. 2021ರ ಜುಲೈ 14ರಂದು ಪ್ರಿಪ್ರಿಂಟನ್ನು ಹಿಂಪಡೆಯಲಾಯಿತು.

ನಮ್ಮ ವಿಷಯ ಶುರುವಾಗುವುದು ಇದರ ನಂತರ. ಹಿಂಪಡೆದ ಪೇಪರ್ ಒಂಟಿಯಾಗಿರುವುದಿಲ್ಲ, ಅದನ್ನು ನೆಚ್ಚಿ ಬೇರೆಯವರು ಬರೆದಿರುತ್ತಾರೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಅವರ ತಂಡ ಅದೇ ಜುಲೈ ತಿಂಗಳಲ್ಲಿ, ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿದ ಮೆಟಾ ಅನಾಲಿಸಿಸ್ ಒಂದನ್ನು ಪ್ರಕಟಿಸಿತ್ತು. ಐವರ್‌ಮೆಕ್ಟಿನ್ ಸಾವನ್ನು 56% ಇಳಿಸುತ್ತದೆ ಎಂದು ಅದರ ತೀರ್ಮಾನ. ಈಜಿಪ್ಟಿನ ಅಧ್ಯಯನವೂ ಆ ಲೆಕ್ಕದೊಳಗೆ ಕೂತಿತ್ತು. ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿ ಹಿಲ್ ಸುಮ್ಮನಾಗಲಿಲ್ಲ. ಉಳಿದ ಪ್ರಯೋಗಗಳ ಗುಣಮಟ್ಟವನ್ನೂ ಮತ್ತೆ ತೂಗಿ, ಸಂಶಯ ಇರುವವುಗಳನ್ನು ತೆಗೆದು, ಲೆಕ್ಕವನ್ನು ಮೊದಲಿನಿಂದ ಮಾಡಿದರು. ಸಾವು ಇಳಿದಂತೆ ಕಂಡಿದ್ದೆಲ್ಲ ಆ ಸಂಶಯದ ಪ್ರಯೋಗಗಳು ಒಳಗಿದ್ದುದರಿಂದಲೇ ಎಂದು ಗೊತ್ತಾಯಿತು. ಹಳೆಯ ಪೇಪರನ್ನು ಹಿಂಪಡೆದು, 2022ರಲ್ಲಿ ಅದೇ ಜರ್ನಲ್ಲಿನಲ್ಲಿ ಹೊಸದನ್ನು ಪ್ರಕಟಿಸಿದರು. ಅದೇ ತಂಡ, ಅದೇ ಪ್ರಶ್ನೆ, ಉತ್ತರ ಮಾತ್ರ ಉಲ್ಟಾ.

ಎಲ್ಲರೂ ಹೀಗೆ ಮಾಡುವುದಿಲ್ಲ. ಶ್ವಾಸಕೋಶದ ಸಿಒಪಿಡಿ ಕಾಯಿಲೆಗೆ ಒಮೆಗಾ-3 ಒಳ್ಳೆಯದೆಂದು 2005ರಲ್ಲಿ ಜಪಾನಿನಿಂದ ಬಂದ ಪೇಪರನ್ನು, ಅಂಕಿ-ಅಂಶ ತಿದ್ದಿದ್ದಕ್ಕಾಗಿ 2008ರಲ್ಲಿ ಹಿಂಪಡೆಯಲಾಗಿತ್ತು. ಆಮೇಲೂ ಅದನ್ನು ಉಲ್ಲೇಖಿಸಿದವರನ್ನು ಇಲಿನಾಯ್ ವಿಶ್ವವಿದ್ಯಾಲಯದ ಜೋಡಿ ಷ್ನೈಡರ್ ತಂಡ ಹುಡುಕಿತು. ಸಂದರ್ಭ ಓದಲು ಸಾಧ್ಯವಾದ 112 ಉಲ್ಲೇಖಗಳಲ್ಲಿ 107ರಲ್ಲಿ ಹಿಂಪಡೆದ ಸುದ್ದಿಯೇ ಇರಲಿಲ್ಲ. ಬರೆದವರೆಲ್ಲ ಮೋಸಗಾರರೇನಲ್ಲ. ವರ್ಷಗಳ ಹಿಂದೆ ಇಳಿಸಿಕೊಂಡ ಪಿಡಿಎಫ್ ಕಂಪ್ಯೂಟರಿನಲ್ಲಿ ಇದ್ದ ಹಾಗೇ ಇರುತ್ತದೆ. ಜರ್ನಲ್ಲಿನ ಪುಟದಲ್ಲಿ ಕೆಂಪು ಅಕ್ಷರದಲ್ಲಿ ಬರೆದ ಎಚ್ಚರಿಕೆ ಅದರ ಮೇಲೆ ತಾನಾಗಿ ಬಂದು ಕೂರುವುದಿಲ್ಲ.

ಹಾಗಾಗಿ ಮೊದಲು ಗೊತ್ತಾಗಬೇಕು. ಜೊಟೆರೊ ಬಳಸುವವರಿಗೆ ಕೆಲಸ ಸುಲಭ. 2019ರಿಂದ ಅದು ನಮ್ಮ ಸಂಗ್ರಹವನ್ನು ರಿಟ್ರ್ಯಾಕ್ಷನ್ ವಾಚ್ ದತ್ತಾಂಶದ ಜೊತೆ ಹೋಲಿಸಿ, ಹಿಂಪಡೆದದ್ದು ಸಿಕ್ಕರೆ ಕೆಂಪು ಪಟ್ಟಿ ತೋರಿಸುತ್ತದೆ. ಆದರೆ ಅದು ಗುರುತು ಹಿಡಿಯುವುದು ಡಿಒಐ ಅಥವಾ ಪಬ್‌ಮೆಡ್ ಸಂಖ್ಯೆಯಿಂದ. ಹಳೆಯ ಪ್ರಬಂಧದಿಂದ ಕಾಪಿ ಮಾಡಿ ವರ್ಡ್ ಫೈಲಿನಲ್ಲಿ ಕೈಯಿಂದ ಟೈಪ್ ಮಾಡಿದ ರೆಫರೆನ್ಸಿಗೆ ಆ ಕಾವಲು ಇಲ್ಲ. ನಮ್ಮಲ್ಲಿ ಬಹಳ ಪಟ್ಟಿಗಳು ಹುಟ್ಟುವುದೇ ಹೀಗೆ. ವೈದ್ಯಕೀಯ ವಿಷಯವಾದರೆ ಪಬ್‌ಮೆಡ್ಡಿನ ಹುಡುಕು ಪೆಟ್ಟಿಗೆಯಲ್ಲಿ ಹೀಗೆ ಕೊಟ್ಟು ನೋಡಬಹುದು:

```
ivermectin AND retracted publication[pt]
```

ಈ ವಿಷಯದಲ್ಲಿ ಹಿಂಪಡೆದ ಗುರುತು ಬಿದ್ದವಷ್ಟೇ ಬರುತ್ತವೆ. ರಿಟ್ರ್ಯಾಕ್ಷನ್ ವಾಚ್ ದತ್ತಾಂಶವನ್ನು 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಕೊಂಡುಕೊಂಡು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಪ್ರಿಪ್ರಿಂಟುಗಳ ವಿಷಯದಲ್ಲಿ ಮಾತ್ರ ಈ ಸಾಧನಗಳನ್ನು ಪೂರ್ತಿ ನಂಬಬೇಡಿ. ಮೂಲ ತಾಣಕ್ಕೇ ಹೋಗಿ ಪುಟ ತೆರೆದು ನೋಡಬೇಕು. ಇದನ್ನು ಒಂದು ಸಲ ಮಾಡಿದರೂ ಸಾಲದು. ಜರ್ನಲ್ಲಿಗೆ ಕಳಿಸುವಾಗ ಒಮ್ಮೆ, ಪ್ರೂಫ್ ಬಂದಾಗ ಇನ್ನೊಮ್ಮೆ ನೋಡಬೇಕು. ನಡುವೆ ಒಂದು ವರ್ಷ ಕಳೆದುಹೋಗುವುದು ಅಪರೂಪವೇನಲ್ಲ.

ಒಂದು ಸಿಕ್ಕಿತು ಎನ್ನಿ. ಡಿಲೀಟ್ ಗುಂಡಿಯ ಕಡೆ ಕೈ ಹೋಗುವ ಮುಂಚೆ ಹಿಂಪಡೆದ ಪ್ರಕಟಣೆಯನ್ನು ಪೂರ್ತಿ ಓದಿ. ಕಾರಣ ಏನೆಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಒಂದೇ ಪೇಪರನ್ನು ಎರಡು ಕಡೆ ಪ್ರಕಟಿಸಿದ್ದಕ್ಕೆ ಎರಡನೆಯದನ್ನು ಹಿಂಪಡೆದಿದ್ದರೆ ಫಲಿತಾಂಶಕ್ಕೆ ಧಕ್ಕೆಯಿಲ್ಲ, ಮೊದಲನೆಯದನ್ನು ಉಲ್ಲೇಖಿಸಿದರಾಯಿತು. ಲೇಖಕರೇ ಲೆಕ್ಕದ ತಪ್ಪು ಕಂಡು ಹಿಂಪಡೆದಿದ್ದರೆ, ತಿದ್ದಿದ ಪೇಪರ್ ಬೇರೆ ಬಂದಿರಬಹುದು. ಅಂಕಿ-ಅಂಶವನ್ನೇ ಸೃಷ್ಟಿಸಿದ್ದರೆ ಅದರಿಂದ ಒಂದು ಸಂಖ್ಯೆಯನ್ನೂ ಉಳಿಸಿಕೊಳ್ಳುವಂತಿಲ್ಲ, ಆ ಲೇಖಕರ ಬೇರೆ ಪೇಪರುಗಳು ನಿಮ್ಮ ಪಟ್ಟಿಯಲ್ಲಿದ್ದರೆ ಅವನ್ನೂ ಒಮ್ಮೆ ನೋಡಬೇಕು. ಕೆಲವು ಜರ್ನಲ್ಲುಗಳು ಕಾರಣವನ್ನು ಒಂದೇ ಸಾಲಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತವೆ. ಆಗ ಕೆಟ್ಟದ್ದನ್ನೇ ಊಹಿಸಿಕೊಂಡು ನಡೆಯುವುದು ಕ್ಷೇಮ.

ಮುಂದಿನ ಪ್ರಶ್ನೆ, ಆ ಪೇಪರ್ ನಿಮ್ಮ ಬರಹದಲ್ಲಿ ಯಾವ ಭಾರ ಹೊತ್ತಿದೆ ಎಂಬುದು. ಎಂ.ಡಿ. ವಿದ್ಯಾರ್ಥಿನಿಯೊಬ್ಬಳು ಎರಡನೇ ಅಲೆಯಲ್ಲಿ ಜಿಲ್ಲಾಸ್ಪತ್ರೆಗೆ ಸೇರಿದವರಲ್ಲಿ ಐವರ್‌ಮೆಕ್ಟಿನ್ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ಪ್ರಬಂಧ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಹಿಲ್ ಅವರ 2021ರ ಪೇಪರ್ ಅವಳ ಪಟ್ಟಿಯಲ್ಲಿ ಹನ್ನೆರಡನೇ ರೆಫರೆನ್ಸ್. ಹುಡುಕಿದರೆ ಅದು ಮೂರು ಕಡೆ ಬಂದಿದೆ.

ಪೀಠಿಕೆಯಲ್ಲಿ ಬಂದದ್ದು ಇಷ್ಟು: 2021ರಲ್ಲಿ ವೈದ್ಯರು ಈ ಮಾತ್ರೆಯನ್ನು ಯಾಕೆ ಬರೆದುಕೊಟ್ಟರು ಎಂದರೆ, ಆಗ ಇಂಥ ವಿಶ್ಲೇಷಣೆಗಳು ಹೊರಬಂದಿದ್ದವು. ಇಲ್ಲಿ ಉಲ್ಲೇಖ ಇರಲೇಬೇಕು. ತೆಗೆದರೆ ಆಗ ನಡೆದದ್ದು ಯಾಕೆ ನಡೆಯಿತೆಂದೇ ಓದುಗನಿಗೆ ಗೊತ್ತಾಗುವುದಿಲ್ಲ. ಆದರೆ ವಾಕ್ಯದೊಳಗೇ 'ನಂತರ ಇದನ್ನು ಹಿಂಪಡೆಯಲಾಗಿದೆ' ಎಂದು ಸೇರಿಸಬೇಕು. ಪಟ್ಟಿಯಲ್ಲಿ ಶೀರ್ಷಿಕೆಯ ಮುಂದೆ `RETRACTED:` ಎಂದು ಹಾಕಿ, ಹಿಂಪಡೆದ ಪ್ರಕಟಣೆಯ ವಿವರವನ್ನೂ ಕೊಡಬೇಕು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮವೂ ಇದೇ: ಹಿಂಪಡೆದ ವಿಷಯವನ್ನೇ ಹೇಳುವುದಕ್ಕಲ್ಲದೆ ಅಂಥ ಪೇಪರನ್ನು ಉಲ್ಲೇಖಿಸಬಾರದು, ನೋಡಿಕೊಳ್ಳುವ ಹೊಣೆ ಲೇಖಕರದು.

ಚರ್ಚೆಯ ಅಧ್ಯಾಯದಲ್ಲಿ ಅವಳು 'ನಮ್ಮ ಫಲಿತಾಂಶ ಹಿಲ್ ಮತ್ತಿತರರ ಫಲಿತಾಂಶಕ್ಕೆ ಹೊಂದುತ್ತದೆ' ಎಂದು ಬರೆದಿದ್ದಾಳೆ. ಈ ವಾಕ್ಯ ಹೋಗಲೇಬೇಕು. ಹಿಲ್ ತಂಡದ 2022ರ ಪೇಪರ್ ಮತ್ತು ಅದೇ ವರ್ಷ ಬ್ರೆಜಿಲ್‌ನ 1,358 ರೋಗಿಗಳ ಮೇಲೆ ನಡೆದ ಟುಗೆದರ್ ಪ್ರಯೋಗ ಆ ಜಾಗಕ್ಕೆ ಬರಬೇಕು. ಆ ಪ್ರಯೋಗದಲ್ಲಿ ಐವರ್‌ಮೆಕ್ಟಿನ್‌ನಿಂದ ಆಸ್ಪತ್ರೆ ಸೇರುವುದು ತಪ್ಪಲಿಲ್ಲ. ಇಲ್ಲೊಂದು ಕಷ್ಟವಿದೆ. ರೆಫರೆನ್ಸ್ ಬದಲಾದರೆ ವಾಕ್ಯದ ಅರ್ಥವೂ ಬದಲಾಗಬೇಕು. 'ಹೊಂದುತ್ತದೆ' ಎಂಬುದು 'ಹೊಂದುವುದಿಲ್ಲ' ಎಂದಾಗಬೇಕು, ಯಾಕೆ ಹೊಂದುವುದಿಲ್ಲ ಎಂದು ಅವಳು ವಿವರಿಸಬೇಕು. ಹಳೆಯ ವಾಕ್ಯ ಹಾಗೇ ಬಿಟ್ಟು ಕೊನೆಯ ಅಂಕಿ ಮಾತ್ರ ಬದಲಿಸಿದ ಪ್ರಬಂಧಗಳಿಗೆ ಕೊರತೆಯಿಲ್ಲ.

ಮೂರನೆಯ ಜಾಗವೇ ಅಪಾಯದ್ದು: ಎಷ್ಟು ರೋಗಿಗಳು ಬೇಕು ಎಂದು ಮೊದಲೇ ಹಾಕಿದ ಸ್ಯಾಂಪಲ್ ಸೈಜ್ ಲೆಕ್ಕ. ಮಾತ್ರೆ ಸಿಗದವರಲ್ಲಿ ನೂರಕ್ಕೆ 10 ಸಾವು, ಸಿಕ್ಕವರಲ್ಲಿ ಅದು 56% ಇಳಿದು 4.4 ಆಗುತ್ತದೆ ಎಂದು ನಂಬಿದರೆ, ರೂಢಿಯ ಸೂತ್ರದಲ್ಲಿ ಒಂದೊಂದು ಗುಂಪಿಗೆ ಸುಮಾರು 330 ಜನ ಸಾಕು. ನಿಜವಾದ ಇಳಿಕೆ 20% ಮಾತ್ರ ಎಂದುಕೊಂಡರೆ ಒಂದೊಂದು ಗುಂಪಿಗೆ ಸುಮಾರು 3,200 ಜನ ಬೇಕು. ಅಂದರೆ ಅವಳ ಅಧ್ಯಯನ ಸಣ್ಣ ಪರಿಣಾಮವನ್ನು ಗುರುತಿಸುವಷ್ಟು ದೊಡ್ಡದೇ ಅಲ್ಲ. ಈಗ ರೋಗಿಗಳನ್ನು ಹೆಚ್ಚಿಸಲು ಬರುವುದಿಲ್ಲ. ಹಳೆಯ ಲೆಕ್ಕವನ್ನು ಸದ್ದಿಲ್ಲದೆ ಅಳಿಸಿ ಬೇರೆ ಪೇಪರಿನ ಹೆಸರು ಹಾಕುವುದಂತೂ ಕೂಡದು. ಎಥಿಕ್ಸ್ ಕಮಿಟಿ ಒಪ್ಪಿದ ಯೋಜನೆಯಲ್ಲಿ ಹಳೆಯದೇ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟ ಪರೀಕ್ಷಕರಿಗೆ ಅದು ಕಾಣುತ್ತದೆ. ಲೆಕ್ಕ ಹೇಗಿತ್ತೋ ಹಾಗೇ ಬಿಟ್ಟು, ಅದಕ್ಕೆ ಆಧಾರವಾದ ಪೇಪರನ್ನು ನಂತರ ಹಿಂಪಡೆಯಲಾಯಿತು ಎಂದು ಅಲ್ಲೇ ಬರೆದು, ಮಿತಿಗಳ ಭಾಗದಲ್ಲಿ ಅದರ ಪರಿಣಾಮವನ್ನು ಹೇಳುವುದು ಸರಿಯಾದ ದಾರಿ. ಗೈಡ್‌ಗೆ ವೈವಾಕ್ಕಿಂತ ಮುಂಚೆಯೇ ತಿಳಿಸಬೇಕು.

ಪರೋಕ್ಷವಾಗಿ ಬರುವ ಉಲ್ಲೇಖ ಇನ್ನೂ ಸೂಕ್ಷ್ಮ. ಅವಳು ಈಜಿಪ್ಟಿನ ಪ್ರಿಪ್ರಿಂಟನ್ನು ಎಲ್ಲೂ ಉಲ್ಲೇಖಿಸಿಲ್ಲದಿರಬಹುದು. ಆದರೆ ಆ ಕಾಲದ ಬೇರೊಂದು ಮೆಟಾ ಅನಾಲಿಸಿಸ್ ಅವಳ ಪಟ್ಟಿಯಲ್ಲಿದ್ದರೆ, ಅದರೊಳಗೆ ಆ ಪ್ರಿಪ್ರಿಂಟ್ ಇರಬಹುದು. ಅಂಥ ಪೇಪರಿನ ಮೇಲೆ ಯಾವ ಕೆಂಪು ಪಟ್ಟಿಯೂ ಇರುವುದಿಲ್ಲ, ಏಕೆಂದರೆ ಅದನ್ನು ಯಾರೂ ಹಿಂಪಡೆದಿಲ್ಲ. ಇದನ್ನು ಯಾವ ಸಾಫ್ಟ್‌ವೇರೂ ಅವಳಿಗಾಗಿ ಬಿಡಿಸಿ ಹೇಳುವುದಿಲ್ಲ. ಎಲ್ಲ ರೆಫರೆನ್ಸುಗಳಿಗೂ ಹೀಗೆ ಬೆನ್ನು ಹತ್ತಲು ಆಗದು, ಆದರೆ ಮುಖ್ಯ ತೀರ್ಮಾನ ನಿಂತಿರುವ ಎರಡು ಮೂರು ಮೆಟಾ ಅನಾಲಿಸಿಸ್‌ಗಳನ್ನಾದರೂ ತೆರೆದು, ಒಳಗೆ ಸೇರಿಸಿಕೊಂಡ ಪ್ರಯೋಗಗಳ ಕೋಷ್ಟಕ ನೋಡಬೇಕು. ಪ್ರತಿ ಪ್ರಯೋಗದ ಅಂಕಿ ಕೊಟ್ಟಿದ್ದರೆ, ಸಂಶಯದ ಒಂದನ್ನು ಬಿಟ್ಟು ಒಟ್ಟು ಲೆಕ್ಕ ಎಷ್ಟಾಗುತ್ತದೆ ಎಂದು ತಾನೇ ಹಾಕಿ ನೋಡಬಹುದು.

ಪ್ರಕಟವಾದ ಮೇಲೆ ಗೊತ್ತಾದರೆ? ನಿಮ್ಮ ಪೇಪರ್ ಬಂದಾಗ ಅದನ್ನು ಹಿಂಪಡೆದಿರದಿದ್ದರೆ ನಿಮ್ಮ ತಪ್ಪೇನೂ ಇಲ್ಲ, ಆದರೂ ಸುಮ್ಮನಿರುವಂತಿಲ್ಲ. ಸಹಲೇಖಕರೊಂದಿಗೆ ಕೂತು, ಆ ರೆಫರೆನ್ಸ್ ಇಲ್ಲದೆಯೂ ತೀರ್ಮಾನ ನಿಲ್ಲುತ್ತದೆಯೇ ನೋಡಿ. ನಂತರ ಸಂಪಾದಕರಿಗೆ ಚಿಕ್ಕ ಪತ್ರ ಬರೆಯಿರಿ: ಎಷ್ಟನೇ ರೆಫರೆನ್ಸ್, ಯಾವ ದಿನ ಹಿಂಪಡೆಯಲಾಯಿತು, ನಿಮ್ಮ ಯಾವ ವಾಕ್ಯಗಳು ಅದನ್ನು ನೆಚ್ಚಿವೆ, ತೀರ್ಮಾನ ಬದಲಾಗುತ್ತದೆಯೇ ಇಲ್ಲವೇ. ಪೀಠಿಕೆಯ ಒಂದು ಮಾತಿಗಷ್ಟೇ ಬಂದಿದ್ದರೆ, ತಿದ್ದುಪಡಿ ಬೇಡ ಎಂದು ಸಂಪಾದಕರು ಹೇಳುವುದುಂಟು. ಆ ಉತ್ತರದ ಮೇಲ್ ಕಾದಿಟ್ಟುಕೊಳ್ಳಿ. ಲೆಕ್ಕದೊಳಗೇ ಸೇರಿದ್ದರೆ ಅದನ್ನು ತೆಗೆದು ಮತ್ತೆ ಲೆಕ್ಕ ಮಾಡಿ, ಹಳೆಯ ಹೊಸ ಅಂಕಿಗಳೆರಡನ್ನೂ ಪತ್ರದ ಜೊತೆಗೇ ಕಳಿಸಿ. ತಿದ್ದುಪಡಿ ಸಾಕೋ, ಹಿಲ್ ತಂಡದಂತೆ ಪೇಪರನ್ನೇ ಹಿಂಪಡೆದು ಹೊಸದು ಕೊಡಬೇಕೋ ಎಂದು ಸಂಪಾದಕರು ಅದನ್ನು ನೋಡಿ ನಿರ್ಧರಿಸುತ್ತಾರೆ.