ಗೋಡೆಯ ತೂತಿಗೂ ಎರಡು ಗಂಟೆಯ ಆಯುಸ್ಸು ಬೇಕು

1975ರ ಮಾರ್ಚ್ 22. ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಗಾರರು ಗೋಡೆಯೊಂದನ್ನು ಪರೀಕ್ಷಿಸುತ್ತಿದ್ದರು. ಕೇಬಲ್‌ಗಳು ಗೋಡೆ ದಾಟುವ ತೂತುಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಅವರು ಹಿಡಿದಿದ್ದು ಉರಿಯುವ ಮೇಣದಬತ್ತಿ. ಜ್ವಾಲೆ ಒಳಕ್ಕೆ ಬಾಗಿದರೆ ಅಲ್ಲಿ ಸೋರಿಕೆ ಇದೆ ಎಂದರ್ಥ. ಒಂದು ತೂತಿನಲ್ಲಿ ಜ್ವಾಲೆ ಬಾಗಿದ್ದಷ್ಟೇ ಅಲ್ಲ, ಅಲ್ಲಿ ತುಂಬಿದ್ದ ಪಾಲಿಯುರೆಥೇನ್ ಫೋಮ್‌ಗೇ ಹತ್ತಿಕೊಂಡಿತು. ಗಾಳಿಯ ಸೆಳೆತಕ್ಕೆ ಬೆಂಕಿ ಗೋಡೆಯಾಚೆ ಹೋಯಿತು. ಸುಮಾರು ಏಳು ಗಂಟೆ ಉರಿದು, 1,600ಕ್ಕೂ ಹೆಚ್ಚು ಕೇಬಲ್‌ಗಳನ್ನು ಕೆಡಿಸಿತು. ಗೋಡೆಗೆ ಏನೂ ಆಗಿರಲಿಲ್ಲ. ದಾರಿ ಕೊಟ್ಟಿದ್ದು ತೂತಿಗೆ ತುಂಬಿದ ವಸ್ತು.

ದೊಡ್ಡ ಕಟ್ಟಡಗಳಲ್ಲಿ ಕೆಲವು ಗೋಡೆ ಮತ್ತು ಸ್ಲ್ಯಾಬ್‌ಗಳು ಬೆಂಕಿಯನ್ನು ಒಂದೇ ಭಾಗದಲ್ಲಿ ಕಟ್ಟಿಹಾಕಲೆಂದೇ ಇರುತ್ತವೆ. 'ಎರಡು ಗಂಟೆಯ ಗೋಡೆ' ಎಂದರೆ ಪರೀಕ್ಷಾ ಕುಲುಮೆಯ ಬೆಂಕಿಯನ್ನು ಅಷ್ಟು ಹೊತ್ತು ತಡೆದು ನಿಲ್ಲಬಲ್ಲ ಗೋಡೆ. ಆದರೆ ಎ.ಸಿ. ಡಕ್ಟು, ನೀರಿನ ಪೈಪು, ಕೇಬಲ್ಲು ಎಲ್ಲವೂ ಈ ಗೋಡೆಯನ್ನು ದಾಟಲೇಬೇಕು. ಹಾಗೆ ದಾಟುವ ಪ್ರತಿ ಜಾಗವೂ ಗೋಡೆಯಷ್ಟೇ ಹೊತ್ತು ಬೆಂಕಿಯನ್ನು ತಡೆಯಬೇಕು. ಒಂದು ಇಟ್ಟಿಗೆ ಗೋಡೆಯಲ್ಲಿ 600 ಮಿ.ಮೀ. ಅಗಲದ ಡಕ್ಟು, 110 ಮಿ.ಮೀ.ಯ ಪಿವಿಸಿ ಕೊಳವೆ, ಎ.ಸಿ.ಯ ತಣ್ಣೀರಿನ ಕಬ್ಬಿಣದ ಪೈಪು, ಈ ಮೂರೂ ದಾಟುತ್ತಿವೆ ಎಂದುಕೊಳ್ಳೋಣ. ಮೂರಕ್ಕೂ ಬೇರೆ ಬೇರೆ ಉಪಾಯ ಬೇಕು.

ಮೊದಲು ಡಕ್ಟು. ತಗಡಿನ ಈ ಸುರಂಗ ಬೆಂಕಿಗೆ ನೇರ ದಾರಿ. ಆದ್ದರಿಂದ ಅದು ಗೋಡೆ ದಾಟುವಲ್ಲಿ ಫೈರ್ ಡ್ಯಾಂಪರ್ ಕೂರಿಸುತ್ತಾರೆ. ಇದು ಉಕ್ಕಿನ ಚೌಕಟ್ಟಿನೊಳಗೆ ಮಡಿಸಿಟ್ಟ ಪರದೆ ಅಥವಾ ತಿರುಗುವ ಪಟ್ಟಿಗಳ ಬಾಗಿಲು. ಸಾಮಾನ್ಯವಾಗಿ ಸುಮಾರು 72 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಸಣ್ಣ ಲೋಹದ ಕೊಂಡಿಯೊಂದು ಅದನ್ನು ತೆರೆದು ಹಿಡಿದಿರುತ್ತದೆ. ಬಿಸಿಗಾಳಿ ತಾಗಿ ಕೊಂಡಿ ಕಳಚಿದೊಡನೆ ಸ್ಪ್ರಿಂಗ್ ಬಲದಿಂದಲೋ ತನ್ನ ಭಾರದಿಂದಲೋ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇದನ್ನು ಎಲ್ಲಿ ಕೂರಿಸುತ್ತಾರೆ ಎಂಬುದೇ ಮುಖ್ಯ. ಮುಚ್ಚಿದ ಬಾಗಿಲು ಗೋಡೆಯ ದಪ್ಪದೊಳಗೇ ನಿಲ್ಲಬೇಕು. ಕೆಲಸಕ್ಕೆ ಸಲೀಸು ಎಂದು ಗೋಡೆಯಿಂದ ಅರ್ಧ ಮೀಟರ್ ಆಚೆ ಡಕ್ಟಿಗೆ ಜೋಡಿಸಿಬಿಟ್ಟರೆ, ಗೋಡೆಗೂ ಡ್ಯಾಂಪರಿಗೂ ನಡುವೆ ಬರೀ ತೆಳು ತಗಡು ಉಳಿಯುತ್ತದೆ. ಬೆಂಕಿಗೆ ಅದು ಬಾಗಿದರೆ ಜ್ವಾಲೆ ಡ್ಯಾಂಪರನ್ನು ಬಳಸಿಕೊಂಡು ಆಚೆ ದಾಟುತ್ತದೆ. ಗೋಡೆಯಿಂದ ದೂರ ಕೂರಿಸಲು ಪರೀಕ್ಷೆಯಾದ ವಿಧಾನಗಳೂ ಇವೆ. ಆದರೆ ಅವುಗಳಲ್ಲಿ ನಡುವಿನ ತಗಡಿಗೂ ಬೆಂಕಿ ತಡೆಯುವ ಹೊದಿಕೆ ಬೇಕಾಗುತ್ತದೆ.

ಉಕ್ಕು ಕಾದರೆ ಹಿಗ್ಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 600 ಮಿ.ಮೀ. ಅಗಲದ ಚೌಕಟ್ಟು ದೊಡ್ಡ ಬೆಂಕಿಯಲ್ಲಿ ಆರೇಳು ಮಿಲಿಮೀಟರ್ ಹಿಗ್ಗಬಹುದು. ಅದಕ್ಕಾಗಿ ಅಮೆರಿಕದ ಪದ್ಧತಿಯಲ್ಲಿ ಗೋಡೆಯ ಕಿಂಡಿಯನ್ನು ಚೌಕಟ್ಟಿಗಿಂತ ತುಸು ದೊಡ್ಡದಾಗಿ ಬಿಟ್ಟು, ಆ ಸಂದಿಯನ್ನು ಎರಡೂ ಬದಿಯಿಂದ ಉಕ್ಕಿನ ಆ್ಯಂಗಲ್‌ಗಳಿಂದ ಮರೆಮಾಡುತ್ತಾರೆ. ಆ್ಯಂಗಲ್‌ಗಳನ್ನು ಡ್ಯಾಂಪರಿನ ಚೌಕಟ್ಟಿಗೆ ಬಿಗಿಯುತ್ತಾರೆಯೇ ಹೊರತು ಗೋಡೆಗಲ್ಲ. ಅಂದಗಾಣಲೆಂದು ಮೇಸ್ತ್ರಿ ಆ ಸಂದಿಗೆ ಸಿಮೆಂಟ್ ಮೆತ್ತಿದರೆ ಹಿಗ್ಗಲು ಜಾಗವಿಲ್ಲದೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಅರ್ಧಕ್ಕೇ ಸಿಕ್ಕಿಕೊಳ್ಳಬಹುದು. ಗಾರೆ ತುಂಬಿಯೇ ಪರೀಕ್ಷೆ ಮಾಡಿರುವ ಡ್ಯಾಂಪರ್‌ಗಳೂ ಇವೆ. ಹಾಗಾಗಿ ನಿರ್ಧರಿಸಬೇಕಾದ್ದು ಮೇಸ್ತ್ರಿಯ ರೂಢಿಯಲ್ಲ, ಆ ಮಾದರಿಯ ತಯಾರಕರು ಕೊಟ್ಟ ನಕ್ಷೆ.

ಇನ್ನೊಂದು ಅಪಾಯ ಡಕ್ಟಿನದೇ ಭಾರ. ಬೆಂಕಿಯಲ್ಲಿ ಡಕ್ಟು ಕುಸಿದು ಬಿದ್ದರೆ ಡ್ಯಾಂಪರನ್ನೂ ಗೋಡೆಯಿಂದ ಕಿತ್ತುಕೊಂಡೇ ಬೀಳಬಾರದು. ಅದಕ್ಕೆಂದೇ ಎರಡರ ನಡುವಿನ ಜೋಡಣೆ ಎಳೆತಕ್ಕೆ ಕಳಚಿಕೊಳ್ಳುವಂತಿರಬೇಕು. ಗಟ್ಟಿಯಾಗಿರಲಿ ಎಂದು ಸುತ್ತಲೂ ಸ್ಕ್ರೂ ಬಿಗಿದರೆ ಈ ಏರ್ಪಾಡೇ ಕೆಡುತ್ತದೆ.

ಡ್ಯಾಂಪರಿನ ಇತಿಮಿತಿಯನ್ನೂ ತಿಳಿದಿರಬೇಕು. ಬೆಂಕಿಯಿಂದ ದೂರ ಬರುತ್ತ ತಣ್ಣಗಾದ ಹೊಗೆ ಕೊಂಡಿಯನ್ನು ಕರಗಿಸುವುದಿಲ್ಲ. 1980ರ ನವೆಂಬರ್ 21ರಂದು ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲ್‌ನಲ್ಲಿ 85 ಜನ ಸತ್ತರು. ಉರಿದಿದ್ದು ಕೆಳಗಿನ ಕ್ಯಾಸಿನೊ. ಸತ್ತವರಲ್ಲಿ ಹೆಚ್ಚಿನವರು ಹೊಗೆ ತುಂಬಿದ ಮೇಲಿನ ಮಹಡಿಗಳಲ್ಲಿದ್ದರು. ಹೊಗೆ ಮೆಟ್ಟಿಲು, ಲಿಫ್ಟಿನ ಬಾವಿ, ಕಟ್ಟಡದ ಸಂದುಗಳ ಮೂಲಕ ಮೇಲೇರಿತು. ಗಾಳಿ ಹಾಯಿಸುವ ವ್ಯವಸ್ಥೆಯ ಡ್ಯಾಂಪರ್‌ಗಳಲ್ಲೂ ದೋಷಗಳಿದ್ದವು. ಆಸ್ಪತ್ರೆ, ಹೋಟೆಲ್‌ಗಳಂಥ ಜಾಗಗಳಿಗೆ ಹೊಗೆ ಪತ್ತೆ ಮಾಡುವ ಡಿಟೆಕ್ಟರ್‌ನಿಂದ ಮೋಟಾರ್ ತಿರುಗಿ ಮುಚ್ಚುವ ಡ್ಯಾಂಪರ್ ಬೇಕೆನ್ನುವುದು ಇದೇ ಕಾರಣಕ್ಕೆ.

ಇನ್ನು ಪಿವಿಸಿ ಕೊಳವೆ. ಅದರ ಸುತ್ತ ಎಷ್ಟೇ ಚೆನ್ನಾಗಿ ಗಾರೆ ತುಂಬಿದರೂ ಪ್ರಯೋಜನವಿಲ್ಲ. ಕೊಳವೆಯೇ ಕರಗಿ ಬಿದ್ದು 110 ಮಿ.ಮೀ.ಯ ದುಂಡನೆ ತೂತು ಉಳಿಯುತ್ತದೆ. ಇದಕ್ಕೆ ಪರಿಹಾರ ಫೈರ್ ಕಾಲರ್ ಎಂಬ ಉಕ್ಕಿನ ಬಳೆ. ಅದರೊಳಗಿನ ಗ್ರಾಫೈಟ್ ಮಿಶ್ರಣ ಶಾಖ ತಗುಲಿದೊಡನೆ ಬಿಸಿ ಮರಳಿಗೆ ಬಿದ್ದ ಜೋಳದಂತೆ ಅರಳಿ, ಮೆತ್ತಗಾದ ಕೊಳವೆಯನ್ನು ಹಿಸುಕಿ, ತೂತನ್ನೇ ಮುಚ್ಚುತ್ತದೆ. ಬೆಂಕಿ ಗೋಡೆಯ ಯಾವ ಬದಿಯಿಂದಲೂ ಬರಬಹುದಾದ್ದರಿಂದ ಗೋಡೆಗೆ ಸಾಮಾನ್ಯವಾಗಿ ಎರಡೂ ಬದಿ ಕಾಲರ್ ಬೇಕು. ಸ್ಲ್ಯಾಬಿಗೆ ಕೆಳಬದಿ ಸಾಕು. ಅದನ್ನು ಉಕ್ಕಿನ ಆ್ಯಂಕರ್‌ಗಳಿಂದಲೇ ಬಿಗಿಯಬೇಕು. ಪ್ಲಾಸ್ಟಿಕ್ ಪ್ಲಗ್ ಹಾಕಿದ್ದರೆ ಪ್ಲಗ್ಗೇ ಮೊದಲು ಕರಗಿ, ಅರಳುವ ಮೊದಲೇ ಕಾಲರ್ ಕಳಚಿ ಬೀಳುತ್ತದೆ.

ಕಬ್ಬಿಣದ ಪೈಪು ಕರಗುವುದಿಲ್ಲ. ಅದರ ಸುತ್ತಲಿನ ಸಂದಿಗೆ ಕಲ್ಲಿನ ಉಣ್ಣೆಯನ್ನು ಒತ್ತಿ ತುಂಬಿ, ಮೇಲೆ ಬೆಂಕಿ ತಡೆಯುವ ಸೀಲಂಟ್ ಬಳಿಯುತ್ತಾರೆ. ಎಷ್ಟು ದಪ್ಪ, ಸಂದಿ ಎಷ್ಟು ಅಗಲದವರೆಗೆ ಎಂಬುದು ಪರೀಕ್ಷೆಯಾದ ಮಾದರಿಯಲ್ಲೇ ಬರೆದಿರುತ್ತದೆ. ಆದರೆ ನಮ್ಮ ಪೈಪು ಎ.ಸಿ.ಯದು, ಬೆವರದಿರಲೆಂದು ಅದಕ್ಕೆ ರಬ್ಬರ್ ಫೋಮ್ ಸುತ್ತಿದೆ. ಆ ಫೋಮ್ ಉರಿದುಹೋದರೆ ಪೈಪಿನ ಸುತ್ತ ಖಾಲಿ ಜಾಗ ಉಳಿಯುತ್ತದೆ. ಆದ್ದರಿಂದ ಇಲ್ಲಿ ಸೀಲಂಟ್ ಒಂದೇ ಸಾಲದು. ಫೋಮ್ ಮೇಲೆ ಅರಳುವ ಪಟ್ಟಿಯನ್ನೂ ಸುತ್ತಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೆಡುವ ಕ್ಷಣವೊಂದಿದೆ. ಆರು ತಿಂಗಳ ನಂತರ ಇಂಟರ್ನೆಟ್ ಕೇಬಲ್ ಎಳೆಯಲು ಬಂದವರು ಸೀಲು ಕೊರೆದು, ಮುಚ್ಚದೆ ಹೋಗುತ್ತಾರೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತಾಗ, ಹೊಗೆಗೆ ಏಣಿಯಾಗಿದ್ದು ವಿದ್ಯುತ್ ಕೇಬಲ್‌ಗಳ ಶಾಫ್ಟು. ಇಂಥ ಶಾಫ್ಟ್‌ಗಳನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಹೇಳುತ್ತದೆ. ಅಮೆರಿಕದ ಎನ್‌ಎಫ್‌ಪಿಎ 80 ನಿಯಮದಂತೆ ಡ್ಯಾಂಪರನ್ನು ಕೂರಿಸಿದ ಒಂದು ವರ್ಷಕ್ಕೆ ಪರೀಕ್ಷಿಸಬೇಕು; ಆಮೇಲೆ ನಾಲ್ಕು ವರ್ಷಕ್ಕೊಮ್ಮೆ, ಆಸ್ಪತ್ರೆಗಳಲ್ಲಿ ಆರು ವರ್ಷಕ್ಕೊಮ್ಮೆ. ಇದಕ್ಕೆ ಡಕ್ಟಿನ ಬದಿಯಲ್ಲಿ ಕೈ ಹೋಗುವಷ್ಟು ಬಾಗಿಲಿರಬೇಕು. ಅದೇ ಇಲ್ಲದಿದ್ದರೆ ಡ್ಯಾಂಪರನ್ನು ಯಾರೂ ತೆರೆದು ನೋಡಿಲ್ಲ ಎಂದೇ ತಿಳಿಯಬೇಕು.

ಅಪಾರ್ಟ್‌ಮೆಂಟಿನಲ್ಲಿರುವವರು ಒಂದು ಕೆಲಸ ಮಾಡಬಹುದು. ಸಂಘದ ಎಲೆಕ್ಟ್ರೀಷಿಯನ್‌ನಿಂದ ನಿಮ್ಮ ಮಹಡಿಯ ಕೇಬಲ್ ಶಾಫ್ಟಿನ ಬಾಗಿಲು ತೆಗೆಸಿ, ಏನನ್ನೂ ಮುಟ್ಟದೆ ಟಾರ್ಚ್ ಬಿಟ್ಟು ನೋಡಿ. ಕೆಳಗಿನ ಮಹಡಿ ಕಂಡರೆ ಅಲ್ಲಿ ಸೀಲಿಲ್ಲ. ಹಳದಿ ಫೋಮ್ ಕಂಡರೆ ಅದು ಬೆಂಕಿ ತಡೆಗೆ ಪರೀಕ್ಷೆಯಾದದ್ದೇ ಎಂಬುದಕ್ಕೆ ದಾಖಲೆ ಕೇಳಿ. ಫೋಟೊ ತೆಗೆದು ಸಂಘದ ಮುಂದಿನ ಸಭೆಯಲ್ಲಿ ಇಡಿ. ಹೊಸ ಕೇಬಲ್ ಎಳೆಯುವವರು ಸೀಲನ್ನು ಮತ್ತೆ ಮಾಡಿಕೊಟ್ಟ ಮೇಲೆಯೇ ಅವರಿಗೆ ಹಣ ಕೊಡುವುದೆಂದು ಠರಾವು ಮಾಡಿಸಿ.